ರೆಸ್ಯೂಮೆಯಲ್ಲಿ ‘ರೆಸ್ಪಾನ್ಸ್ ಟೈಮ್ 80% ಇಳಿಸಿದೆ’ ಅಂತ ಬರೆದಿದ್ದರೆ: ಅಭ್ಯರ್ಥಿಯನ್ನು ನೋಯಿಸದೆ ನಿಜ ತಿಳಿಯುವ ಬಗೆ

ಚಿಕ್ಕಮಗಳೂರಿನಲ್ಲಿ ನಮ್ಮದೊಂದು ಸಣ್ಣ ಸಾಫ್ಟ್‌ವೇರ್ ಕಂಪನಿ. ಕಾಫಿ ತೋಟಗಳ ತೂಕದ ಚೀಟಿ, ಆಳುಗಳ ಹಾಜರಿ, ಕ್ಯೂರಿಂಗ್‌ಗೆ ಹೋದ ಮೂಟೆಗಳ ಲೆಕ್ಕ ಇಡುವ ಸಾಫ್ಟ್‌ವೇರ್ ಮಾಡುತ್ತೇವೆ. ಬ್ಯಾಕೆಂಡ್ ಕೆಲಸಕ್ಕೆ ಅರ್ಜಿ ಹಾಕುವವರಲ್ಲಿ ಜಾಸ್ತಿ ಜನ ಬೆಂಗಳೂರಿನಲ್ಲಿ ಎರಡು ಮೂರು ವರ್ಷ ದುಡಿದು, ಇನ್ನು ಮನೆಗೆ ಹತ್ತಿರ ಬರೋಣ ಅಂತ ಹೊರಟವರು. ಅವರ ರೆಸ್ಯೂಮೆಗಳಲ್ಲಿ ಒಂದು ಸಾಲು ಮತ್ತೆ ಮತ್ತೆ ಕಾಣಿಸುತ್ತದೆ: ‘ಡೇಟಾಬೇಸ್ ಕ್ವೆರಿಗಳನ್ನು ಆಪ್ಟಿಮೈಸ್ ಮಾಡಿ ಎಪಿಐ ರೆಸ್ಪಾನ್ಸ್ ಟೈಮ್ 80% ಇಳಿಸಿದೆ.’

ಈ ಒಂದು ಸಾಲನ್ನೇ ಹಿಡಿದು, ಅದರ ಹಿಂದೆ ಎಷ್ಟು ಕೆಲಸ ಇದೆ ಅಂತ ತಿಳಿದುಕೊಳ್ಳುವ ಕ್ರಮವನ್ನು ಇಲ್ಲಿ ಬರೆಯುತ್ತಿದ್ದೇನೆ. ನಾನು ಕಂಡಂತೆ ಇಂಥ ಸಾಲು ಪೂರ್ತಿ ಕಟ್ಟುಕಥೆ ಆಗಿರುವುದು ಕಡಿಮೆ. ಕೆಲಸ ನಡೆದಿರುತ್ತದೆ, ವೇಗವೂ ಹೆಚ್ಚಿರುತ್ತದೆ. ಉಬ್ಬಿರುವುದು ಅದರಲ್ಲಿ ಇವರ ಪಾಲು. ಹಾಗಾಗಿ ‘ಇದು ನಿಜವೋ ಸುಳ್ಳೋ’ ಎಂಬ ಪ್ರಶ್ನೆ ಇಟ್ಟುಕೊಂಡು ಕೂತರೆ ದಾರಿ ತಪ್ಪುತ್ತದೆ. ‘ಇದರಲ್ಲಿ ಇವರ ಕೈಕೆಲಸ ಎಷ್ಟು’ ಎಂಬುದೇ ಸರಿಯಾದ ಪ್ರಶ್ನೆ.

ಮೃದುವಾಗಿ ಕೇಳಬೇಕು ಅನ್ನುವುದಕ್ಕೆ ಸೌಜನ್ಯ ಒಂದೇ ಕಾರಣ ಅಲ್ಲ. ಅನುಮಾನದ ದನಿ ಕಿವಿಗೆ ಬಿದ್ದ ಕೂಡಲೇ ಅಭ್ಯರ್ಥಿ ಮುದುಡಿಕೊಳ್ಳುತ್ತಾರೆ. ನಿಜವಾಗಿ ಕೆಲಸ ಮಾಡಿದವರೂ ತಡವರಿಸತೊಡಗುತ್ತಾರೆ. ಆಗ ಮಾಡಿದವರಿಗೂ ಮಾಡದವರಿಗೂ ವ್ಯತ್ಯಾಸವೇ ಕಾಣುವುದಿಲ್ಲ. ಇನ್ನೊಂದು, ನಮ್ಮದು ಸಣ್ಣ ಊರು. ಇವತ್ತು ಸಂದರ್ಶನಕ್ಕೆ ಬಂದವರ ಚಿಕ್ಕಪ್ಪ ನಾಳೆ ನಮ್ಮ ಗ್ರಾಹಕರಾಗಿರಬಹುದು. ‘ಅಲ್ಲಿ ಕೂರಿಸಿಕೊಂಡು ಕಳ್ಳನ ಹಾಗೆ ವಿಚಾರಿಸಿದರು’ ಅನ್ನುವ ಮಾತು ಒಂದು ಸಲ ಹಬ್ಬಿದರೆ ಒಳ್ಳೆಯ ಅಭ್ಯರ್ಥಿಗಳೂ ಈ ಕಡೆ ಬರುವುದಿಲ್ಲ.

ಹಿಂದಿನ ದಿನ ಮಾಡಿಕೊಳ್ಳುವ ತಯಾರಿ

ರೆಸ್ಯೂಮೆಯ ಪ್ರತಿ ಸಾಲನ್ನೂ ಕೆದಕುವ ಅಗತ್ಯ ಇಲ್ಲ. ನಿಮ್ಮ ಕೆಲಸಕ್ಕೆ ಯಾವ ಸಾಲು ಮುಖ್ಯವೋ ಅದನ್ನು ಮಾತ್ರ ಆರಿಸಿ. ಒಂದು ಗಂಟೆಯ ಸಂದರ್ಶನಕ್ಕೆ ಅಂಥ ಒಂದು ಸಾಲು, ಹೆಚ್ಚೆಂದರೆ ಎರಡು ಸಾಕು. ನಮಗೆ ಡೇಟಾಬೇಸ್ ಮುಖ್ಯ. ಕಾಫಿ ಕೊಯ್ಲಿನ ಕಾಲದಲ್ಲಿ ಚೀಟಿಗಳ ಟೇಬಲ್ ಬೇಗ ಬೆಳೆಯುತ್ತದೆ, ರಿಪೋರ್ಟ್ ಪುಟ ನಿಧಾನವಾಗುತ್ತದೆ. ಅದಕ್ಕೇ ಈ 80% ಸಾಲು ನಮ್ಮ ಕಣ್ಣಿಗೆ ಬೀಳುತ್ತದೆ.

ಸಾಲು ಆರಿಸಿದ ಮೇಲೆ, ಆ ಕೆಲಸವನ್ನು ನಿಜವಾಗಿ ಮಾಡಿದವರಿಗೆ ಏನೇನು ಎದುರಾಗಿರಲೇಬೇಕು ಅಂತ ಒಂದು ಹಾಳೆಯಲ್ಲಿ ಬರೆದುಕೊಳ್ಳಿ. ಪುಸ್ತಕ ಓದಿ ಹೇಳಬಹುದಾದದ್ದನ್ನು ಬಿಟ್ಟು, ಕೈಹಾಕಿದವರಿಗೆ ಮಾತ್ರ ಗೊತ್ತಿರುವುದನ್ನು ಹುಡುಕಿ. ಪೋಸ್ಟ್‌ಗ್ರೆಸ್‌ನಲ್ಲಿ ಇಂಡೆಕ್ಸ್ ಹಾಕುವ ಕೆಲಸವನ್ನೇ ನೋಡಿ. ‘ಇಂಡೆಕ್ಸ್ ಹಾಕಿದರೆ ಹುಡುಕಾಟ ಬೇಗ ಆಗುತ್ತದೆ’ ಅಂತ ಯಾರು ಬೇಕಾದರೂ ಹೇಳುತ್ತಾರೆ. ಕೆಲಸ ಮಾಡಿದವರು ಮಾತ್ರ ಕಂಡಿರುವ ಸಂಗತಿಗಳು ಬೇರೆ.

ಸ್ಟೇಜಿಂಗ್‌ನಲ್ಲಿ ಡೇಟಾ ಕಡಿಮೆ ಇದ್ದರೆ ಇಂಡೆಕ್ಸ್ ಹಾಕಿದರೂ ಪೋಸ್ಟ್‌ಗ್ರೆಸ್ ಅದನ್ನು ಮುಟ್ಟದೆ ಟೇಬಲ್ಲನ್ನೇ ಪೂರ್ತಿ ಓದುತ್ತದೆ. ಚಿಕ್ಕ ಟೇಬಲ್‌ಗೆ ಅದೇ ಅಗ್ಗ. ಮೊದಲ ಸಲ ಇದನ್ನು ನೋಡಿದವರು ‘ಇಂಡೆಕ್ಸ್ ಕೆಲಸವೇ ಮಾಡ್ತಿಲ್ಲ’ ಅಂತ ಗಾಬರಿಯಾಗಿರುತ್ತಾರೆ. ಇನ್ನೊಂದು, ಒಂದೇ ಕ್ವೆರಿಯನ್ನು ಎರಡನೇ ಸಲ ಓಡಿಸಿದಾಗ ಏನೂ ಬದಲಾಯಿಸದಿದ್ದರೂ ಬೇಗ ಮುಗಿಯುತ್ತದೆ. ಓದಿದ ಡೇಟಾ ಮೆಮೊರಿಯಲ್ಲೇ ಉಳಿದಿರುತ್ತದೆ. ಅಳತೆ ಮಾಡಿದವರಿಗೆ ಇದು ಗೊತ್ತಾಗಿಯೇ ಇರುತ್ತದೆ. ಮೂರನೆಯದು ಪ್ರೊಡಕ್ಷನ್‌ಗೆ ಹೋಗುವ ದಿನದ್ದು. ಮಾಮೂಲಿ `CREATE INDEX` ಮುಗಿಯುವವರೆಗೂ ಆ ಟೇಬಲ್‌ಗೆ ಹೊಸದಾಗಿ ಏನೂ ಬರೆಯಲು ಆಗುವುದಿಲ್ಲ. ಅದನ್ನು ತಪ್ಪಿಸಲು `CREATE INDEX CONCURRENTLY` ಬಳಸಬೇಕು. ಆದರೆ ಅದು ಟ್ರಾನ್ಸಾಕ್ಷನ್ ಒಳಗೆ ಓಡುವುದಿಲ್ಲ. ಜ್ಯಾಂಗೋದಲ್ಲಿ ಮೈಗ್ರೇಷನ್ ಬರೆದು ಇದನ್ನು ಮಾಡಿದವರು ಆ ಫೈಲಿನಲ್ಲಿ `atomic = False` ಅನ್ನುವ ಸಾಲು ಸೇರಿಸಿರಲೇಬೇಕು. ಮರೆತರೆ ಮೈಗ್ರೇಷನ್ ನಿಂತುಹೋಗಿ ಅದನ್ನೇ ಕೇಳುತ್ತದೆ.

ಇಂಥ ಮೂರು ನಾಲ್ಕು ಸಂಗತಿ ನಿಮ್ಮ ಹಾಳೆಯಲ್ಲಿದ್ದರೆ ಸಾಕು. ಇವನ್ನು ನೇರವಾಗಿ ಕೇಳಲು ಹೋಗಬೇಡಿ. ‘`atomic = False` ಯಾಕೆ ಬೇಕು ಹೇಳಿ’ ಅಂದರೆ ಅದು ಪರೀಕ್ಷೆಯಾಯಿತು. ಮಾತಿನ ನಡುವೆ ಇವು ತಾವಾಗಿಯೇ ಬರುತ್ತವೆಯೇ ಅಂತ ಗಮನಿಸಲು ಮಾತ್ರ ಹಾಳೆ. ನಿಮಗೇ ಆ ತಂತ್ರಜ್ಞಾನದಲ್ಲಿ ಕೈಪಳಗಿಲ್ಲದಿದ್ದರೆ ಹಾಳೆ ಬರೆಯಲು ಆಗುವುದಿಲ್ಲ. ಹಾಗಿದ್ದಾಗ ಗೊತ್ತಿರುವ ಸಹೋದ್ಯೋಗಿಯನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ.

ಮಾತು ಶುರು ಮಾಡುವ ಬಗೆ

ಶುರುವಿನಲ್ಲೇ ಮೂರು ಮಾತು ಹೇಳಿ. ‘ನೀವು ಮಾಡಿದ ಒಂದು ಕೆಲಸದ ಬಗ್ಗೆ ವಿವರವಾಗಿ ಕೇಳ್ತೀನಿ, ಬಂದ ಎಲ್ಲರಿಗೂ ಹೀಗೇ ಕೇಳೋದು. ಅಂಕಿ ಕರಾರುವಾಕ್ಕಾಗಿ ನೆನಪಿಲ್ಲದಿದ್ದರೆ ಅಂದಾಜು ಹೇಳಿ. ನಿಮ್ಮ ಕಂಪನಿ ಹೊರಗೆ ಹೇಳಬಾರದು ಅಂದಿರೋದನ್ನು ಹೇಳಬೇಡಿ, ಹೆಸರು ಬದಲಾಯಿಸಿ ಹೇಳಿ.’ ಕೊನೆಯ ಮಾತನ್ನು ಬಿಡಬೇಡಿ. ಇದನ್ನು ಮೊದಲೇ ಹೇಳಿದ್ದರೆ ಗೋಪ್ಯತೆಯ ಕಾರಣಕ್ಕೆ ಸುಮ್ಮನಾದವರು ಯಾರು, ಗೊತ್ತಿಲ್ಲದೆ ಸುಮ್ಮನಾದವರು ಯಾರು ಅನ್ನುವ ಗೊಂದಲ ಮುಂದೆ ಕಡಿಮೆಯಾಗುತ್ತದೆ.

ಕನ್ನಡದಲ್ಲಿ ಮಾತಾಡಬಹುದು ಅಂತಲೂ ಹೇಳಿ. ಇಂಗ್ಲಿಷಿನಲ್ಲಿ ಉರು ಹೊಡೆದ ಉತ್ತರ ಸರಾಗವಾಗಿ ಬರುತ್ತದೆ. ಅದೇ ಕೆಲಸವನ್ನು ಮನೆಮಾತಿನಲ್ಲಿ ಹೇಳುವಾಗ ನಡೆದದ್ದು ನಡೆದ ಹಾಗೆ ಹೊರಗೆ ಬರುತ್ತದೆ. ಇಂಗ್ಲಿಷ್ ತಡವರಿಸುವ ಜಾಣ ಹುಡುಗರು ಹುಡುಗಿಯರು ಹಿಂದೆ ಬೀಳುವುದೂ ತಪ್ಪುತ್ತದೆ.

ಪ್ರಶ್ನೆಗಳ ಕ್ರಮ: ಒಂದು ಸಂದರ್ಶನ

ಕೆಳಗಿನದು ಹಲವು ಸಂದರ್ಶನಗಳನ್ನು ಸೇರಿಸಿ ಒಂದು ಮಾಡಿ ಬರೆದದ್ದು. ಅಭ್ಯರ್ಥಿ ಮೂರು ವರ್ಷದ ಅನುಭವದ ಹುಡುಗಿ, ಜ್ಯಾಂಗೋ ಮತ್ತು ಪೋಸ್ಟ್‌ಗ್ರೆಸ್‌ನಲ್ಲಿ ಕೆಲಸ ಮಾಡಿದವರು.

ಮೊದಲು ಕಥೆ ಕೇಳಿ. ‘ಈ 80% ಇಳಿಸಿದ ಕೆಲಸ ಚೆನ್ನಾಗಿದೆ. ಅದು ಶುರುವಾಗಿದ್ದು ಹೇಗೆ?’

‘ಸರ್, ಆರ್ಡರ್ ಹಿಸ್ಟರಿ ಪೇಜ್ ತುಂಬಾ ನಿಧಾನ ಇತ್ತು. ಕಸ್ಟಮರ್ ಕೇರ್‌ನವರು ಕಂಪ್ಲೇಂಟ್ ಮಾಡ್ತಿದ್ರು. ಹಳೇ ಗ್ರಾಹಕರಿಗೆ ಮಾತ್ರ ಜಾಸ್ತಿ ಹೊತ್ತು ತಗೋತಿತ್ತು.’

ಇಲ್ಲೇ ಒಂದು ಒಳ್ಳೆಯ ವಿವರ ಸಿಕ್ಕಿತು. ಯಾವ ಪುಟ, ಯಾರಿಗೆ ತೊಂದರೆ ಅನ್ನುವುದು ತಾನಾಗಿಯೇ ಬಂತು. ಮುಂದೆ ಅಂಕಿ. ‘ಎಷ್ಟರಿಂದ ಎಷ್ಟಕ್ಕೆ ಬಂತು? ಅಂದಾಜು ಸಾಕು.’ 5 ಸೆಕೆಂಡು 1 ಸೆಕೆಂಡಾದರೂ 80%, 50 ಮಿಲಿಸೆಕೆಂಡು 10 ಆದರೂ 80%. ಎರಡರ ಹಿಂದಿನ ಕೆಲಸ ಒಂದೇ ಅಲ್ಲ.

‘ಎರಡೂವರೆ ಸೆಕೆಂಡು ಇತ್ತು ಸರ್. ಇಂಡೆಕ್ಸ್ ಹಾಕಿದ ಮೇಲೆ ಅರ್ಧ ಸೆಕೆಂಡಿಗೆ ಬಂತು.’

‘ಅದನ್ನು ಎಲ್ಲಿ ನೋಡ್ತಿದ್ರಿ?’

‘ಡ್ಯಾಶ್‌ಬೋರ್ಡ್ ಇತ್ತು. ಅದರಲ್ಲಿ ಸರಾಸರಿ ತೋರಿಸ್ತಿತ್ತು.’

ಸರಿ. ಈಗ ಒಂದು ಮೆಟ್ಟಿಲು ಕೆಳಗಿಳಿಯಬೇಕು. ‘ಇಂಡೆಕ್ಸ್ ಯಾವ ಕಾಲಮ್ ಮೇಲೆ ಹಾಕಬೇಕು ಅಂತ ತೀರ್ಮಾನ ಆದದ್ದು ಹೇಗೆ?’

ಇಲ್ಲಿ ಅವರು ನಿಂತರು. ಈ ಮೌನದಲ್ಲಿ ನೀವು ಏನು ಮಾಡುತ್ತೀರಿ ಅನ್ನುವುದರ ಮೇಲೆ ಮುಂದಿನದೆಲ್ಲ ನಿಂತಿದೆ. ‘ಇದನ್ನು ನೀವೇ ಮಾಡಿದ್ದಲ್ವಾ?’ ಅಂತ ಕೇಳಿದರೆ ಮುಗಿಯಿತು. ‘ಹೌದು’ ಅನ್ನದೆ ಅವರಿಗೆ ಬೇರೆ ದಾರಿ ಇಲ್ಲ. ಆ ಒಂದು ‘ಹೌದು’ ಕಾಪಾಡಲು ಇನ್ನೂ ನಾಲ್ಕು ಸುಳ್ಳು ಬೇಕಾಗುತ್ತವೆ. ಅದರ ಬದಲು ಇಳಿಯಲು ಗೌರವದ ಒಂದು ಮೆಟ್ಟಿಲು ಕೊಡಿ: ‘ಇಂಥ ಕೆಲಸ ಸಾಮಾನ್ಯವಾಗಿ ಇಬ್ಬರು ಮೂವರು ಸೇರಿ ಮಾಡ್ತಾರೆ. ನಿಮ್ಮ ಟೀಮಿನಲ್ಲಿ ಯಾರು ಯಾವುದು ಮಾಡಿದ್ರಿ?’

‘ಕಾಲಮ್ ಹೇಳಿದ್ದು ನಮ್ಮ ಸೀನಿಯರ್ ಸರ್. ಅವರು ಕ್ವೆರಿ ಪ್ಲಾನ್ ನೋಡಿ ಹೇಳಿದ್ರು.’

‘ಒಳ್ಳೇದು. ನಿಮ್ಮ ಕೈಗೆ ಬಂದ ಭಾಗ ಯಾವುದು?’

‘ಮೈಗ್ರೇಷನ್ ನಾನೇ ಬರೆದೆ. ಮೊದ್ಲು ಸ್ಟೇಜಿಂಗ್‌ನಲ್ಲಿ ಹಾಕಿದ್ವಿ, ಏನೂ ವ್ಯತ್ಯಾಸ ಕಾಣ್ಲಿಲ್ಲ. ಅಲ್ಲಿ ಡೇಟಾನೇ ಇರ್ಲಿಲ್ಲ ಅಲ್ವಾ. ಆಮೇಲೆ ನಾನೇ ಒಂದು ಸ್ಕ್ರಿಪ್ಟ್ ಬರೆದು ಹತ್ತು ಲಕ್ಷ ಆರ್ಡರ್ ತುಂಬಿಸಿದೆ. ಅವಾಗ ಗೊತ್ತಾಯ್ತು. ಇನ್ನೊಂದು, ಮೈಗ್ರೇಷನ್ ಮೊದ್ಲು ಓಡ್ಲೇ ಇಲ್ಲ. ಅಟಾಮಿಕ್ ಅಂತ ಏನೋ ಫಾಲ್ಸ್ ಮಾಡ್ಬೇಕಿತ್ತು.’

ಹಾಳೆಯ ಎರಡು ಸಂಗತಿ ಕೇಳದೆಯೇ ಬಂದವು. ದನಿಯೂ ಬದಲಾಯಿತು. 80% ಇಳಿಸಿದ್ದು ಇವರೊಬ್ಬರೇ ಅಲ್ಲ, ಅದು ತಿಳಿಯಿತು. ಇವರು ಮಾಡಿದ್ದು ಸಣ್ಣದೂ ಅಲ್ಲ. ಡೇಟಾ ಇಲ್ಲದೆ ಅಳತೆಗೆ ಅರ್ಥ ಇಲ್ಲ ಅಂತ ಅರಿತು ತಾವೇ ಡೇಟಾ ತುಂಬಿಸಿದ್ದಾರೆ. ನಮ್ಮಲ್ಲಿ ಬೇಕಾದದ್ದೂ ಇಂಥದ್ದೇ. ನಾನು ಮೌನದ ಹೊತ್ತಿನಲ್ಲಿ ಗದರಿದ್ದರೆ ಇದು ಹೊರಗೆ ಬರುತ್ತಲೇ ಇರಲಿಲ್ಲ.

ಸುಳಿವು ಕೊಟ್ಟು ನೋಡುವುದು

ಅದೇ ಸಾಲು ಬರೆದ ಇನ್ನೊಬ್ಬರನ್ನು ಯೋಚಿಸಿ. ‘ಶುರುವಾಗಿದ್ದು ಹೇಗೆ’ ಅಂದರೆ ‘ಪರ್ಫಾರ್ಮೆನ್ಸ್ ಇಶ್ಯೂ ಇತ್ತು ಸರ್, ಇಂಡೆಕ್ಸಿಂಗ್, ಕ್ಯಾಶಿಂಗ್ ಎಲ್ಲ ಮಾಡಿದ್ವಿ’ ಅನ್ನುತ್ತಾರೆ. ಯಾವ ಪುಟ ಅಂದರೆ ‘ಎಲ್ಲಾ ಎಪಿಐಗಳು’. ಇಷ್ಟಕ್ಕೇ ತೀರ್ಮಾನಕ್ಕೆ ಬರಬೇಡಿ. ಕೆಲವರು ಗಾಬರಿಯಲ್ಲಿ ಹೀಗೇ ಮಾತಾಡುತ್ತಾರೆ.

ಇಲ್ಲಿ ಒಂದು ಸುಳಿವು ಕೊಡಿ. ಅವರ ಪರವಾಗಿ ಬಾಗಿಲು ತೆರೆಯುವಂಥ ಸುಳಿವಾಗಿರಲಿ: ‘ಕೆಲವು ಕಡೆ ಲಿಸ್ಟ್ ಪುಟದಲ್ಲಿ ಒಂದೊಂದು ಸಾಲಿಗೂ ಬೇರೆ ಬೇರೆ ಕ್ವೆರಿ ಓಡಿ ನಿಧಾನ ಆಗಿರುತ್ತೆ. ನಿಮ್ಮದೂ ಹಾಗೇನಾ, ಇಲ್ಲ ಒಂದೇ ದೊಡ್ಡ ಕ್ವೆರಿ ಇತ್ತಾ?’ ಕೆಲಸ ಮಾಡಿದವರಿಗೆ ಸುಳಿವು ಸಿಕ್ಕ ಕೂಡಲೇ ನೆನಪು ಬಿಚ್ಚಿಕೊಳ್ಳುತ್ತದೆ. ‘ಹಾ ಸರ್, ಅದೇ, ಪ್ರತಿ ಆರ್ಡರ್‌ಗೂ ಕಸ್ಟಮರ್ ಹೆಸರು ಬೇರೆ ತರ್ತಿತ್ತು, `select_related` ಹಾಕಿದ ಮೇಲೆ ಐವತ್ತು ಕ್ವೆರಿ ಒಂದಾಯ್ತು’ ಅಂತ ನೀವು ಕೊಟ್ಟದ್ದಕ್ಕಿಂತ ಜಾಸ್ತಿ ವಾಪಸ್ ಕೊಡುತ್ತಾರೆ. ಇಲ್ಲವೇ ‘ಇಲ್ಲ ಸರ್, ನಮ್ಮದು ಹಾಗಲ್ಲ’ ಅಂತ ತಿದ್ದುತ್ತಾರೆ. ಮಾಡದವರು ಸುಳಿವನ್ನೇ ಹಿಂದಿರುಗಿಸುತ್ತಾರೆ: ‘ಹೌದು ಸರ್, ಒಂದೊಂದು ಸಾಲಿಗೂ ಬೇರೆ ಕ್ವೆರಿ ಇತ್ತು.’ ಇನ್ನೊಂದು ಬೇರೆ ಸುಳಿವು ಕೊಟ್ಟರೆ ಅದಕ್ಕೂ ಹೌದು. ಎರಡು ಸುಳಿವಿಗೆ ಹೀಗೆ ಆದರೆ ಆ ಸಾಲನ್ನು ಅಲ್ಲಿಗೇ ಬಿಡಿ. ಮೂರನೆಯದು ಬೇಡ.

ಕೆಲವರು ಸುಳ್ಳು ಸುಳಿವು ಕೊಟ್ಟು ಸಿಕ್ಕಿಹಾಕಿಸುತ್ತಾರೆ. ಇಲ್ಲದ ಸೌಲಭ್ಯದ ಹೆಸರು ಹೇಳಿ ‘ಅದನ್ನು ಬಳಸಿದ್ರಾ’ ಅನ್ನುತ್ತಾರೆ. ಇದು ತಪ್ಪು ಅಂತ ನನಗೆ ಗಟ್ಟಿಯಾಗಿ ಅನಿಸುತ್ತದೆ. ಸಂದರ್ಶನ ಮಾಡುವವರ ಮಾತನ್ನು ತಿದ್ದಲು ಸಂಕೋಚಪಡುವ ಪ್ರಾಮಾಣಿಕರೂ ಅದಕ್ಕೆ ತಲೆಯಾಡಿಸಿಬಿಡುತ್ತಾರೆ. ಆಗ ನೀವು ಅಳೆದದ್ದು ಅವರ ಸಂಕೋಚವನ್ನು, ಅನುಭವವನ್ನಲ್ಲ. ಎರಡು ಆಯ್ಕೆ ಕೊಟ್ಟರೆ ಎರಡೂ ನಿಜವಾಗಿ ನಡೆಯಬಹುದಾದವೇ ಆಗಿರಲಿ.

ಮರೆವು ಯಾವುದು, ಮಾಡದಿರುವುದು ಯಾವುದು

ಎರಡು ವರ್ಷದ ಹಿಂದಿನ ಕೆಲಸದ ಟೇಬಲ್ ಹೆಸರು, ಸರಿಯಾದ ಮಿಲಿಸೆಕೆಂಡು, ಕಮಾಂಡಿನ ಕಾಗುಣಿತ ಮರೆಯುವುದು ಸಹಜ. ಮೇಲಿನ ಹುಡುಗಿ ‘ಅಟಾಮಿಕ್ ಅಂತ ಏನೋ’ ಅಂದರು, ಅದು ಸಾಕು. ಮರೆಯದೇ ಉಳಿಯುವುದು ತೊಂದರೆಯ ಆಕಾರ: ಯಾರಿಗೆ ನಿಧಾನ ಆಗುತ್ತಿತ್ತು, ಮೊದಲು ಏನು ಮಾಡಿ ಪ್ರಯೋಜನವಾಗಲಿಲ್ಲ, ಯಾವ ದಿನ ಯಾಕೆ ಹೆದರಿಕೆ ಆಯಿತು. ಹೆಸರುಗಳೆಲ್ಲ ಚೆನ್ನಾಗಿ ನೆನಪಿದ್ದು ಈ ಆಕಾರ ಮಾತ್ರ ಸಿಗದಿದ್ದರೆ ಆಗ ಗಮನಿಸಬೇಕು.

‘ನಾವು ಮಾಡಿದ್ವಿ’ ಅನ್ನುವುದನ್ನು ಪಾಲು ಮರೆಮಾಚುವ ಗುರುತು ಅಂತ ಓದಬೇಡಿ. ನಮ್ಮ ಕಡೆಯವರಿಗೆ ‘ನಾನೇ ಮಾಡಿದ್ದು’ ಅನ್ನಲು ನಾಚಿಕೆ. ‘ಅದರಲ್ಲಿ ನಿಮ್ಮ ಕೈಗೆ ಬಂದ ಭಾಗ’ ಅಂತ ಕೇಳಿದರೆ ಸಲೀಸಾಗಿ ಹೇಳುತ್ತಾರೆ.

ಕೊನೆಗೆ ಒಂದು ಪ್ಲಾನ್ ಮುಂದಿಡಿ

ಹಿಂದೆ ಏನು ಮಾಡಿದರು ಅನ್ನುವುದು ಒಂದು, ಈಗ ಏನು ಬರುತ್ತದೆ ಅನ್ನುವುದು ಇನ್ನೊಂದು. ಕಥೆ ಮುಗಿದ ಮೇಲೆ ನಾನು ಒಂದು ಕಾಗದ ಮುಂದಿಡುತ್ತೇನೆ. ಒಂದು ತೋಟದ ಇತ್ತೀಚಿನ 20 ತೂಕದ ಚೀಟಿ ತರುವ ಕ್ವೆರಿ, ಅದರ ಕೆಳಗೆ `EXPLAIN ANALYZE` ಕೊಟ್ಟ ಪ್ಲಾನ್, ಅಂದರೆ ಡೇಟಾಬೇಸ್ ಆ ಕ್ವೆರಿಯನ್ನು ಹೇಗೆ ಓಡಿಸಿತು ಅನ್ನುವ ವಿವರ. ಓದಲು ಸುಲಭವಾಗಲಿ ಅಂತ ಕೆಲವು ಸಾಲು ತೆಗೆದಿರುತ್ತೇನೆ.

```sql
SELECT id, weight_kg, created_at
FROM slips
WHERE estate_id = 42
ORDER BY created_at DESC
LIMIT 20;
```

```
Limit  (actual time=641.2..641.2 rows=20 loops=1)
  ->  Sort  (actual time=641.1..641.2 rows=20 loops=1)
        Sort Key: created_at DESC
        ->  Seq Scan on slips  (actual time=0.3..640.1 rows=1480 loops=1)
              Filter: (estate_id = 42)
              Rows Removed by Filter: 1998520
```

‘ಇದು ನಮ್ಮಲ್ಲಿ ಬರುವಂಥ ತೊಂದರೆ. ಜೊತೆಗೆ ನೋಡೋಣ, ನಿಮಗೆ ಏನು ಕಾಣಿಸುತ್ತೆ?’ ಅನ್ನಿ. ಒಳಗಿನಿಂದ ಹೊರಗೆ ಓದಬೇಕು. 20 ಲಕ್ಷ ಸಾಲು ಓದಿ 1,480 ಉಳಿಸಿಕೊಂಡಿದೆ, ಅವನ್ನು ವಿಂಗಡಿಸಿ 20 ಕೊಟ್ಟಿದೆ. ಹೊತ್ತು ಹೋದದ್ದೆಲ್ಲ ಓದುವುದರಲ್ಲಿ. ವಿಂಗಡಣೆಗೆ ಸುಮಾರು ಒಂದು ಮಿಲಿಸೆಕೆಂಡು ಅಷ್ಟೇ. ಇಷ್ಟು ಹೇಳಿದವರಿಗೆ ಪ್ಲಾನ್ ಓದಲು ಬರುತ್ತದೆ. ಪರಿಹಾರವಾಗಿ ಬರೀ `estate_id` ಮೇಲೆ ಇಂಡೆಕ್ಸ್ ಅಂದರೆ ಸರಿ. `(estate_id, created_at)` ಎರಡೂ ಸೇರಿಸಿ ಅಂದರೆ ಇನ್ನೂ ಒಳ್ಳೆಯದು. ಆಗ ಚೀಟಿಗಳು ದಿನಾಂಕದ ಕ್ರಮದಲ್ಲೇ ಸಿಗುತ್ತವೆ, ವಿಂಗಡಿಸುವ ಕೆಲಸವೇ ಇರುವುದಿಲ್ಲ, 20 ಸಿಕ್ಕ ಕೂಡಲೇ ನಿಲ್ಲಬಹುದು.

ಆಮೇಲೆ ಒಂದೇ ಒಂದು ಬದಲಾವಣೆ ಮಾಡಿ ಕೇಳಿ. ‘ಒಂದು ದಿನದ ಚೀಟಿ ಮಾತ್ರ ಬೇಕು ಅಂತ ಯಾರೋ `date(created_at) = '2024-12-10'` ಅಂತ ಸೇರಿಸಿದ್ರು. ನಿಮ್ಮ ಇಂಡೆಕ್ಸ್ ಏನಾಗುತ್ತೆ?’ ಕಾಲಮ್ಮಿಗೆ ಫಂಕ್ಷನ್ ಸುತ್ತಿದರೆ ದಿನಾಂಕದ ಭಾಗವನ್ನು ಇಂಡೆಕ್ಸಿನಲ್ಲಿ ನೇರವಾಗಿ ಹುಡುಕಲು ಆಗುವುದಿಲ್ಲ, ಆ ದಿನದ ಶುರುವಿನಿಂದ ಮರುದಿನದ ಶುರುವಿನವರೆಗೆ ಅಂತ ಬರೆಯಬೇಕು. ಉರು ಹೊಡೆದ ಕಥೆ ಇಲ್ಲಿ ನೆರವಿಗೆ ಬರುವುದಿಲ್ಲ. ಮೇಲಿನ ಹುಡುಗಿಗೆ ಪ್ಲಾನ್ ಓದುವುದು ಅರ್ಧ ಬಂತು. `Rows Removed` ಸಾಲಿನ ಮೇಲೆ ಬೆರಳಿಟ್ಟು ‘ಇಷ್ಟೆಲ್ಲ ಸುಮ್ನೆ ಓದಿದೆ’ ಅಂದರು, ಜೋಡಿ ಇಂಡೆಕ್ಸ್ ಹೊಳೆಯಲಿಲ್ಲ. ನಾನು ಹೇಳಿಕೊಟ್ಟ ಮೇಲೆ ದಿನಾಂಕದ ಪ್ರಶ್ನೆಗೆ ತಾವೇ ಉತ್ತರ ಕಂಡುಕೊಂಡರು. ಸೀನಿಯರ್ ಹುದ್ದೆಗೆ ಇದು ಸಾಲದು. ಜೂನಿಯರ್ ಹುದ್ದೆಗೆ ನಾನು ಕಣ್ಣುಮುಚ್ಚಿ ತೆಗೆದುಕೊಳ್ಳುತ್ತೇನೆ.

ಇದರಿಂದ ಆಗದ ಕೆಲಸ

ಯಾವ ಕಂಪನಿಯಲ್ಲಿ ಯಾವಾಗಿಂದ ಯಾವಾಗಿನವರೆಗೆ ಇದ್ದರು ಅನ್ನುವುದು ಪ್ರಶ್ನೆ ಕೇಳಿ ತಿಳಿಯುವ ವಿಷಯ ಅಲ್ಲ. ಅದಕ್ಕೆ ರಿಲೀವಿಂಗ್ ಲೆಟರ್, ಪಿಎಫ್ ಸರ್ವಿಸ್ ಹಿಸ್ಟರಿ ಇವೆ. ಅಭ್ಯರ್ಥಿಯ ಒಪ್ಪಿಗೆ ಪಡೆದು, ಆಫರ್ ಹಂತದಲ್ಲಿ ಕೇಳಿ. ಈಗಿನ ಕಂಪನಿಯಲ್ಲಿ ನಿಮಗೆ ಪರಿಚಯದವರಿದ್ದಾರೆ ಅಂತ ಗುಟ್ಟಾಗಿ ಫೋನ್ ಮಾಡಬೇಡಿ, ಇರುವ ಕೆಲಸಕ್ಕೂ ಕುತ್ತು ಬರಬಹುದು. ಹಾಗೆಯೇ, ಪಕ್ಕದಲ್ಲಿ ಕೂತು ಎಲ್ಲ ನೋಡಿದವರು ತಾವೇ ಮಾಡಿದ ಹಾಗೆ ಹೇಳಿದರೆ ಈ ಪ್ರಶ್ನೆಗಳಿಂದ ಯಾವಾಗಲೂ ಪತ್ತೆಯಾಗುವುದಿಲ್ಲ. ಪ್ಲಾನ್ ಕೊಟ್ಟು ನೋಡುವುದು ಅದಕ್ಕೇ: ನೋಡಿ ಕಲಿತಿದ್ದರೂ ಅವರಿಗೆ ಬರುತ್ತದೆ ಅಂದರೆ ನಿಮ್ಮ ಕೆಲಸ ನಡೆಯುತ್ತದೆ.

ಟಿಪ್ಪಣಿ ಮತ್ತು ಉತ್ತರ

ಅಭ್ಯರ್ಥಿ ಹೊರಟ ಕೂಡಲೇ ಬರೆಯಿರಿ. ‘ಸುಳ್ಳು ಹೇಳಿದರು’, ‘ಫೇಕ್’ ಅಂತ ಬರೆಯಬೇಡಿ, ಅದು ನಿಮಗೆ ಗೊತ್ತಿಲ್ಲ. ಕೇಳಿಸಿದ್ದನ್ನು ಬರೆಯಿರಿ: ‘ಮೈಗ್ರೇಷನ್, ಡೇಟಾ ತುಂಬಿಸುವ ಸ್ಕ್ರಿಪ್ಟ್ ಸ್ವಂತ ಕೆಲಸ. ಕಾಲಮ್ ಆಯ್ಕೆ ಸೀನಿಯರ್ ಮಾಡಿದ್ದು, ಅವರೇ ಹೇಳಿದರು. ಪ್ಲಾನ್ ಅರ್ಧ ಓದಿದರು.’ ಇಬ್ಬರು ಕೂತಿದ್ದರೆ ಇಬ್ಬರೂ ಬೇರೆ ಬೇರೆ ಬರೆದು ಆಮೇಲೆ ಹೋಲಿಸಿ.

ಕೆಲಸಕ್ಕೆ ತೆಗೆದುಕೊಳ್ಳದವರಿಗೆ ಫೋನ್ ಮಾಡಿದಾಗ ‘ಯಾಕೆ ಸರ್’ ಅನ್ನುತ್ತಾರೆ. ರೆಸ್ಯೂಮೆಯ ಮಾತು ಎತ್ತದೆ ಕೆಲಸದ ಮಾತಾಡಿ. ‘ನಮಗೆ ಪ್ಲಾನ್ ಓದಿ ಇಂಡೆಕ್ಸ್ ತೀರ್ಮಾನ ಮಾಡೋರು ಬೇಕಿತ್ತು, ಅದರಲ್ಲಿ ಇನ್ನೂ ಅಭ್ಯಾಸ ಬೇಕು ಅನಿಸ್ತು. ಪೋಸ್ಟ್‌ಗ್ರೆಸ್ ನಿಮ್ಮ ಲ್ಯಾಪ್‌ಟಾಪಿನಲ್ಲೇ ಹಾಕಿಕೊಂಡು, ಹತ್ತು ಲಕ್ಷ ಸಾಲು ತುಂಬಿಸಿ, ಇಂಡೆಕ್ಸ್ ಇದ್ದಾಗ ಇಲ್ಲದಾಗ ಪ್ಲಾನ್ ಹೋಲಿಸಿ ನೋಡಿ. ಅದು ಕೈಗೆ ಹತ್ತಿದ ಮೇಲೆ ಇನ್ನೊಮ್ಮೆ ಅರ್ಜಿ ಹಾಕಿ.’ ಹೀಗೆ ಹೇಳಿದರೆ ಕೇಳುವವರಿಗೆ ಮಾಡಲು ಒಂದು ಕೆಲಸ ಸಿಗುತ್ತದೆ. ರೆಸ್ಯೂಮೆ ಬಗ್ಗೆ ಅವರೇ ಕೇಳಿದರೆ ಮಾತ್ರ ಹೇಳಿ: ‘80% ಅನ್ನೋದರ ಪಕ್ಕ ನಿಮ್ಮ ಭಾಗ ಯಾವುದು ಅಂತ ಅರ್ಧ ಸಾಲು ಬರೆಯಿರಿ. ಮೈಗ್ರೇಷನ್ ಬರೆದದ್ದು ನೀವಾದರೆ ಅದನ್ನೇ ಬರೆಯಿರಿ, ಓದುವವರಿಗೆ ಕೇಳೋಕೆ ವಿಷಯ ಸಿಗುತ್ತೆ.’